ಕ್ರಿಯಾಟಿನಿನ್ 0.8 ಇದ್ದೂ ಕಿಡ್ನಿ ಸೊರಗಿರಬಹುದೇ? ಸಿಸ್ಟಾಟಿನ್ ಸಿ ಹೇಳುವುದೇನು

ಪ್ರಶ್ನೆ: ಅಮ್ಮನಿಗೆ 74 ವರ್ಷ, ಎತ್ತರ 150 ಸೆಂ.ಮೀ., ತೂಕ 38 ಕೆ.ಜಿ. ಐದು ವರ್ಷದ ಹಿಂದೆ 50 ಕೆ.ಜಿ. ಇದ್ದರು. ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು. ಕಾಲುರಿಗೆ ಅಂತ ಎರಡು ತಿಂಗಳಿಂದ ಪ್ರಿಗ್ಯಾಬಲಿನ್ 75 ದಿನಕ್ಕೆ ಎರಡು ಕೊಟ್ಟಿದ್ದಾರೆ. ಆಗಿನಿಂದ ಸದಾ ಮಂಪರು, ಎದ್ದರೆ ತೂರಾಡುತ್ತಾರೆ. ಐದು ವರ್ಷದಿಂದ ಅವರ ಕ್ರಿಯಾಟಿನಿನ್ 0.8 ಬಿಟ್ಟು ಅಲ್ಲಾಡಿಲ್ಲ, ರಿಪೋರ್ಟಿನಲ್ಲಿ ಇಜಿಎಫ್‌ಆರ್ 77, ನಾರ್ಮಲ್. ಈಗ ಹೊಸ ಡಾಕ್ಟರು ಅದೇ ರಕ್ತದಲ್ಲಿ ಸಿಸ್ಟಾಟಿನ್ ಸಿ ಮಾಡಿಸಿದರು. ಅದು 1.45, ಅದರ ಇಜಿಎಫ್‌ಆರ್ 42 ಅಂತೆ! ಯಾವುದನ್ನು ನಂಬೋದು? ಸುಮ್ಮನೆ ದುಬಾರಿ ಟೆಸ್ಟ್ ಬರೆದರಾ? ಇನ್ನೊಂದು ಕಡೆ ಅಕ್ಕನ ಮಗ, 27 ವರ್ಷ, 85 ಕೆ.ಜಿ., ಜಿಮ್ ಹುಚ್ಚು, ಕ್ರಿಯಾಟಿನ್ ಪುಡಿ ಬೇರೆ ತಗೋತಾನೆ. ಅವನದು 1.4, ಇಜಿಎಫ್‌ಆರ್ 71. ‘ಕಿಡ್ನಿ ವೀಕ್’ ಅಂದು ಹೆದರಿಸಿದ್ದಾರೆ. ಅವನೂ ಈ ಟೆಸ್ಟ್ ಮಾಡಿಸಬೇಕಾ?

ಉತ್ತರ: ಟೆಸ್ಟ್ ಬರೆದದ್ದು ಸರಿಯಾಗಿಯೇ ಇದೆ. ಇಜಿಎಫ್‌ಆರ್ ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂಬುದರ ಅಂದಾಜು. ಅಮ್ಮನ ವಿಷಯದಲ್ಲಿ 77 ಅನ್ನು ನಂಬಬೇಡಿ. ಹಾಗೆಂದು 42 ಅನ್ನೂ ಸದ್ಯಕ್ಕೆ ಪೂರ್ತಿ ನಂಬಬೇಕಿಲ್ಲ. ಎರಡೂ ಅಂಕಿಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡುವ ಸೂತ್ರವೊಂದಿದೆ, ಅದು ಕೊಡುವುದು 57. ಮಾತ್ರೆಯ ಪ್ರಮಾಣ ನಿರ್ಧರಿಸುವಾಗ ಆ 57 ಅನ್ನೂ ಅವರ ಪುಟ್ಟ ಮೈಗೆ ತಕ್ಕಂತೆ ಇಳಿಸಬೇಕು, ಆಗ 41ರ ಆಸುಪಾಸಿಗೆ ಬರುತ್ತದೆ. ಅಮ್ಮನ ಮಂಪರಿಗೂ ಈ ಕೊನೆಯ ಅಂಕಿಗೂ ನೇರ ಸಂಬಂಧ ಇರುವಂತೆ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ ನೋಡೋಣ. ನಮ್ಮ ಸ್ನಾಯುಗಳಲ್ಲಿ ಕ್ರಿಯಾಟಿನ್ ಎಂಬ ಪದಾರ್ಥ ಸಂಗ್ರಹವಾಗಿರುತ್ತದೆ. ಅದರಲ್ಲಿ ದಿನಕ್ಕೆ ಶೇಕಡ ಒಂದೆರಡು ಪಾಲು ತಾನಾಗಿಯೇ ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಬರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಅಂದರೆ ರಕ್ತದಲ್ಲಿ ಕಾಣುವ ಅಂಕಿಯ ಹಿಂದೆ ಎರಡು ಸಂಗತಿಗಳಿವೆ: ಸ್ನಾಯು ಎಷ್ಟು ತಯಾರಿಸುತ್ತಿದೆ, ಕಿಡ್ನಿ ಎಷ್ಟು ಸೋಸುತ್ತಿದೆ. ಕಿಡ್ನಿ ಕುಗ್ಗಿದರೆ ಅಂಕಿ ಏರಬೇಕು. ಆದರೆ ಅದೇ ಹೊತ್ತಿಗೆ ಸ್ನಾಯುವೂ ಕರಗಿದರೆ ಅಂಕಿ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ಅಮ್ಮನಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ.

ಲೆಕ್ಕ ಹಾಕಿ ತೋರಿಸುತ್ತೇನೆ. ಐದು ವರ್ಷದ ಹಿಂದೆ 50 ಕೆ.ಜಿ. ಇದ್ದಾಗ ಅವರ ದೇಹ ದಿನಕ್ಕೆ ಸುಮಾರು 600 ಮಿಲಿಗ್ರಾಂ ಕ್ರಿಯಾಟಿನಿನ್ ತಯಾರಿಸುತ್ತಿತ್ತು ಎಂದಿಟ್ಟುಕೊಳ್ಳಿ. ಆ ವಯಸ್ಸಿಗೆ, ಆ ತೂಕಕ್ಕೆ ಇದು ಸಹಜವಾದ ಅಂದಾಜು. ದಿನಕ್ಕೆ 1440 ನಿಮಿಷ, ಹಾಗಾಗಿ ನಿಮಿಷಕ್ಕೆ 0.42 ಮಿಲಿಗ್ರಾಂ. ಡೆಸಿಲೀಟರಿಗೆ 0.8 ಮಿಲಿಗ್ರಾಂ ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ 0.008 ಮಿಲಿಗ್ರಾಂ. ತಯಾರಾದಷ್ಟನ್ನೂ ಹೊರಹಾಕಿ ಮಟ್ಟವನ್ನು 0.8ರಲ್ಲೇ ಹಿಡಿದಿಡಬೇಕಾದರೆ ಕಿಡ್ನಿ ನಿಮಿಷಕ್ಕೆ 52 ಮಿಲಿಲೀಟರ್ ಸೋಸಬೇಕು. ಈಗ 38 ಕೆ.ಜಿ.ಗೆ ಬಂದಿದ್ದಾರೆ, ತಯಾರಿಕೆ ದಿನಕ್ಕೆ 450 ಮಿಲಿಗ್ರಾಂನ ಹತ್ತಿರಕ್ಕೆ ಇಳಿದಿರುತ್ತದೆ. ಅದೇ ಲೆಕ್ಕ ಮಾಡಿದರೆ ನಿಮಿಷಕ್ಕೆ 39 ಮಿಲಿಲೀಟರ್ ಸೋಸಿದರೆ ಸಾಕು, ರಿಪೋರ್ಟಿನಲ್ಲಿ ಮತ್ತೆ 0.8 ಎಂದೇ ಬರುತ್ತದೆ. ಐದು ವರ್ಷದಲ್ಲಿ ಸೋಸುವ ಶಕ್ತಿಯ ನಾಲ್ಕನೇ ಒಂದು ಭಾಗ ಹೋದರೂ ಅಂಕಿ ಅಲ್ಲಾಡಿಲ್ಲ!

ಹಾಗಾದರೆ ಲ್ಯಾಬಿನವರ 77 ಎಲ್ಲಿಂದ ಬಂತು? ಬಹುತೇಕ ಲ್ಯಾಬುಗಳು ಬಳಸುವ CKD-EPI ಸೂತ್ರಕ್ಕೆ ಬೇಕಾಗಿರುವುದು ಮೂರೇ: ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬುದು. ತೂಕವನ್ನು ಅದು ಕೇಳುವುದೇ ಇಲ್ಲ. 74 ವರ್ಷದ ಹೆಂಗಸಿಗೆ ಸಾಮಾನ್ಯವಾಗಿ ಇರುವಷ್ಟು ಸ್ನಾಯು ಇವರಿಗೂ ಇದೆ ಎಂದು ಭಾವಿಸಿ ಉತ್ತರ ಕೊಡುತ್ತದೆ. ಆ ಸರಾಸರಿ ಕೂಡ ಹೆಚ್ಚಾಗಿ ಅಮೆರಿಕ, ಯುರೋಪಿನ ಜನರಿಂದ ಬಂದದ್ದು. ಮಾಂಸ ತಿನ್ನದ, ಊಟ ಕಡಿಮೆಯಾದ, ಮನೆಯೊಳಗೇ ಓಡಾಡುವ 38 ಕೆ.ಜಿ.ಯ ನಮ್ಮೂರಿನ ಅಜ್ಜಿಗೂ ಅದಕ್ಕೂ ತುಂಬ ದೂರ. ಈ ಸೂತ್ರದ ಪ್ರಕಾರ ಐದು ವರ್ಷದ ಹಿಂದೆ ಅವರ ಇಜಿಎಫ್‌ಆರ್ 80, ಈಗ 77. ಆ ಮೂರು ಅಂಕಗಳ ಇಳಿಕೆಯೂ ವಯಸ್ಸು ಹೆಚ್ಚಿದ್ದಕ್ಕೆ ಸೂತ್ರವೇ ಕಳೆದದ್ದು, 12 ಕೆ.ಜಿ. ಕರಗಿದ್ದು ಅದಕ್ಕೆ ಗೊತ್ತೇ ಆಗಿಲ್ಲ.

ಸಿಸ್ಟಾಟಿನ್ ಸಿ ಇಲ್ಲಿಯೇ ಉಪಯೋಗಕ್ಕೆ ಬರುವುದು. ಇದೊಂದು ಸಣ್ಣ ಪ್ರೋಟೀನ್. ಸ್ನಾಯು ಮಾತ್ರವಲ್ಲ, ಕೋಶಕೇಂದ್ರ ಇರುವ ದೇಹದ ಎಲ್ಲ ಕೋಶಗಳೂ ಇದನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಯಾರಿಸುತ್ತವೆ. ಚಿಕ್ಕದಾದ್ದರಿಂದ ಕಿಡ್ನಿಯ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ ಕಿಡ್ನಿಯ ನಾಳಗಳು ಅದನ್ನು ಹೀರಿಕೊಂಡು ಅಲ್ಲೇ ಒಡೆದುಹಾಕುತ್ತವೆ, ರಕ್ತಕ್ಕೆ ವಾಪಸು ಬರುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಏರಿದ್ದರೆ ಸೋಸುವಿಕೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ಕೈಕಾಲು ಕಡ್ಡಿಯಾದರೂ, ತೋಳು ದಪ್ಪಗಾದರೂ, ನಿನ್ನೆ ರಾತ್ರಿ ಮಟನ್ ತಿಂದಿದ್ದರೂ ಇದು ಹೆಚ್ಚು ಬದಲಾಗುವುದಿಲ್ಲ. ಇದು ನಿನ್ನೆ ಮೊನ್ನೆಯ ಟೆಸ್ಟೂ ಅಲ್ಲ. ಸೋಸುವಿಕೆ ಅಳೆಯಲು ಬಳಸಬಹುದೆಂದು ಸ್ವೀಡನ್ನಿನ ಸಂಶೋಧಕರು 1985ರಲ್ಲೇ ತೋರಿಸಿದ್ದರು. ಲ್ಯಾಬಿನಿಂದ ಲ್ಯಾಬಿಗೆ ಅಂಕಿ ತಾಳೆಯಾಗಲು ಬೇಕಾದ ಅಂತರರಾಷ್ಟ್ರೀಯ ಮಾನಕ 2010ರ ಹೊತ್ತಿಗೆ ಬಂತು. ಕ್ರಿಯಾಟಿನಿನ್‌ಗಿಂತ ಹಲವು ಪಟ್ಟು ದುಬಾರಿ ಆಗಿರುವುದೇ ಇದು ಇನ್ನೂ ಮಾಮೂಲಿ ಟೆಸ್ಟ್ ಆಗದಿರಲು ದೊಡ್ಡ ಕಾರಣ.

ಹಾಗಿದ್ದರೆ 42 ಅನ್ನೇ ಯಾಕೆ ಹಿಡಿಯಬಾರದು? ಯಾಕೆಂದರೆ ಸಿಸ್ಟಾಟಿನ್ ಸಿ ಕೂಡ ಕಿಡ್ನಿಯ ಮಾತೊಂದನ್ನೇ ಕೇಳುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಏರುತ್ತದೆ. ಥೈರಾಯ್ಡ್ ಅತಿಯಾದರೆ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ದೇಹದಲ್ಲಿ ದೀರ್ಘಕಾಲದ ಉರಿಯೂತ, ವಿಪರೀತ ಬೊಜ್ಜು, ಬೀಡಿ ಸಿಗರೇಟು ಇವೂ ಅದನ್ನು ಮೇಲಕ್ಕೆ ತಳ್ಳುತ್ತವೆ. ಅಮ್ಮನ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು, 42 ಎಂಬುದು 77ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಇಷ್ಟು ಅಂತರವನ್ನು ಕಂಡಾಗ ಸ್ನಾಯು ಕರಗಿದ್ದೊಂದೇ ಕಾರಣ ಎಂದು ಕೂರಬಾರದು. ಥೈರಾಯ್ಡ್ ಹೇಗಿದೆ ಎಂದು ತೋರಿಸುವ ಟಿಎಸ್‌ಎಚ್, ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಒಮ್ಮೆ ನೋಡಿಸಿ. ಮಂಡಿನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಗುಳಿಗೆ ನುಂಗುತ್ತಿದ್ದಾರಾ ವಿಚಾರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಅಪರೂಪವೇನಲ್ಲ, ಹಿರಿಯರು ಅದನ್ನು ‘ಔಷಧಿ’ ಎಂದು ಎಣಿಸದೆ ಡಾಕ್ಟರಿಗೆ ಹೇಳುವುದೂ ಇಲ್ಲ. ಇನ್ನು ಐದು ವರ್ಷದಲ್ಲಿ 12 ಕೆ.ಜಿ. ಇಳಿದದ್ದಕ್ಕೆ ಕಾರಣವನ್ನೂ ಬೇರೆಯಾಗಿಯೇ ಹುಡುಕಬೇಕು. ಅದನ್ನು ‘ವಯಸ್ಸಾಯಿತು’ ಎಂದು ಬಿಟ್ಟುಬಿಡುವಂತಿಲ್ಲ.

ಕ್ರಿಯಾಟಿನಿನ್ ಒಂದು ದಿಕ್ಕಿಗೆ ಎಳೆದರೆ ಸಿಸ್ಟಾಟಿನ್ ಇನ್ನೊಂದು ದಿಕ್ಕಿಗೆ ಎಳೆಯಬಹುದು. ಅದಕ್ಕೇ ಎರಡನ್ನೂ ಸೇರಿಸಿದ ಸೂತ್ರ ಹೆಚ್ಚಿನವರಲ್ಲಿ ಸತ್ಯಕ್ಕೆ ಹತ್ತಿರ ನಿಲ್ಲುತ್ತದೆ. 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ ಸಲಹೆಯೂ ಇದೇ: ಕ್ರಿಯಾಟಿನಿನ್ ಮೇಲೆ ಅನುಮಾನವಿದ್ದು ಸಿಸ್ಟಾಟಿನ್ ಸಿಗುವಂತಿದ್ದರೆ ಎರಡನ್ನೂ ಬಳಸಿ. ಕಾಯಿಲೆ, ಅಪೌಷ್ಟಿಕತೆಯಿಂದ ಬಡಕಲಾದವರಿಗೆ ಸೇರಿಸಿದ ಸೂತ್ರವೇ ಸೂಕ್ತ. ಬೇರೇನೂ ಕಾಯಿಲೆಯಿಲ್ಲದೆ ಸ್ನಾಯು ಮಾತ್ರ ಅಸಾಮಾನ್ಯವಾಗಿರುವವರಿಗೆ, ಉದಾಹರಣೆಗೆ ದೇಹದಾರ್ಢ್ಯ ಪಟುಗಳಿಗೆ, ತೊಡೆಯಿಂದ ಕಾಲು ಕತ್ತರಿಸಿಕೊಂಡವರಿಗೆ, ಸಿಸ್ಟಾಟಿನ್ ಒಂದನ್ನೇ ಬಳಸಬಹುದು. ಸೇರಿಸಿದ ಸೂತ್ರವೂ ಅಂದಾಜೇ, ನಿಜವಾದ ಸೋಸುವಿಕೆಗಿಂತ ಶೇಕಡ 20, 30 ಆಚೀಚೆ ಇರಬಲ್ಲದು. ಆದ್ದರಿಂದ ಅಮ್ಮನದು 57 ಅಂದರೆ ‘60ರ ಕೆಳಗೆ ಇರುವ ಸಂಭವ ಹೆಚ್ಚು’ ಎಂದು ಓದಿಕೊಳ್ಳಿ. ದೀರ್ಘಕಾಲದ ಕಿಡ್ನಿ ಕಾಯಿಲೆ ಎಂಬ ಹಣೆಪಟ್ಟಿ ಹಚ್ಚಲು ಈ ಸ್ಥಿತಿ ಕನಿಷ್ಠ ಮೂರು ತಿಂಗಳು ಉಳಿದಿರಬೇಕು, ಹಾಗಾಗಿ ಮೂರು ತಿಂಗಳ ನಂತರ ಎರಡೂ ಟೆಸ್ಟನ್ನು ಒಂದೇ ರಕ್ತದಲ್ಲಿ ಮತ್ತೆ ಮಾಡಿಸಿ. ಜ್ವರ, ವಾಂತಿ, ಭೇದಿ ಇರುವ ವಾರದಲ್ಲಿ ಬೇಡ. ಅಂಥ ಹೊತ್ತಿನಲ್ಲಿ ಎರಡು ಅಂಕಿಗಳೂ ದಿನದಿಂದ ದಿನಕ್ಕೆ ಬದಲಾಗುತ್ತಿರುತ್ತವೆ, ಯಾವ ಸೂತ್ರವೂ ಹೊಂದುವುದಿಲ್ಲ.

ಈಗ ಮಾತ್ರೆಯ ವಿಷಯ. ಇಜಿಎಫ್‌ಆರ್ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 1.73 ಚದರ ಮೀಟರ್ ಎಂದಿರುತ್ತದೆ, ಯಾರೂ ಓದುವುದಿಲ್ಲ. ದೇಹದ ಮೇಲ್ಮೈ 1.73 ಚದರ ಮೀಟರ್ ಇದ್ದಿದ್ದರೆ ಇಷ್ಟು ಸೋಸುತ್ತಿತ್ತು ಎಂದು ಅದರ ಅರ್ಥ. 150 ಸೆಂ.ಮೀ., 38 ಕೆ.ಜಿ.ಯ ಅಮ್ಮನ ಮೇಲ್ಮೈ ಸುಮಾರು 1.26 ಚದರ ಮೀಟರ್ ಮಾತ್ರ. 57 ಅನ್ನು 1.26ರಿಂದ ಗುಣಿಸಿ 1.73ರಿಂದ ಭಾಗಿಸಿದರೆ ಬರುವುದು 41ರಿಂದ 42. ನಿಮಿಷಕ್ಕೆ ಅವರ ಕಿಡ್ನಿ ನಿಜವಾಗಿ ಸೋಸುವುದು ಇಷ್ಟು. ಮಾತ್ರೆ ಹೊರಹೋಗುವುದು ಈ ವೇಗದಲ್ಲೇ. ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಳೆಯ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ಕೂಡ ಅಲ್ಲಿಗೇ ಬಂದು ನಿಲ್ಲುತ್ತದೆ. ಬೇಕಿದ್ದರೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ನೀವೇ ಮಾಡಿ ನೋಡಿ:

```
(140 − 74) × 38 ÷ (72 × 0.8) × 0.85 = 37
```

ಕೊನೆಯ 0.85 ಹೆಂಗಸರಿಗೆ ಮಾತ್ರ. 1976ರ ಸೂತ್ರ ಇದು, ಸಿಸ್ಟಾಟಿನ್ ಇಲ್ಲದೆಯೂ 0.8 ಎಂಬ ‘ನಾರ್ಮಲ್’ ಅಂಕಿಯ ಒಳಗೇನಿದೆ ಎಂದು ಸುಳಿವು ಕೊಡುತ್ತದೆ. ದುಡ್ಡಿನ ತೊಂದರೆ ಇದ್ದು ಸಿಸ್ಟಾಟಿನ್ ಮಾಡಿಸಲಾಗದವರಿಗೆ ಮಾತ್ರೆಯ ಪ್ರಮಾಣ ನೋಡಲು ಈ ಲೆಕ್ಕವೇ ಒಳ್ಳೆಯ ಎಚ್ಚರಿಕೆ ಗಂಟೆ.

ಪ್ರಿಗ್ಯಾಬಲಿನ್ ಲಿವರಿನಲ್ಲಿ ಒಡೆಯುವ ಮಾತ್ರೆಯಲ್ಲ. ಹೆಚ್ಚುಕಡಿಮೆ ಪೂರ್ತಿಯಾಗಿ ಕಿಡ್ನಿಯ ಮೂಲಕವೇ ಹೊರಹೋಗಬೇಕು. ಸೋಸುವಿಕೆ 60ಕ್ಕಿಂತ ಮೇಲಿದ್ದರೆ ದಿನಕ್ಕೆ 150 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ, 30ರಿಂದ 60ರ ನಡುವೆ ಇದ್ದರೆ ಅದರ ಅರ್ಧ, ಅಂದರೆ 75ರಿಂದ. ರಿಪೋರ್ಟಿನ 77 ನೋಡಿ ಬರೆದದ್ದು 150. ಅಮ್ಮನ ಕಿಡ್ನಿಗೆ ಸಲ್ಲಬೇಕಿದ್ದದ್ದು 75. ಮಾತ್ರೆ ಶುರುವಾದಾಗಿನಿಂದಲೇ ಮಂಪರು, ತೂರಾಟ ಬಂದಿರುವುದಕ್ಕೆ ಇದು ಸಾಕಷ್ಟು ವಿವರಣೆ. ಈ ವಾರವೇ ಡಾಕ್ಟರ ಬಳಿ ಹೋಗಿ ಈ ಅಂಕಿಗಳನ್ನು ತೋರಿಸಿ, ಪ್ರಮಾಣ ಇಳಿಸಬೇಕೇ ಎಂದು ನೇರವಾಗಿ ಕೇಳಿ. ಆದರೆ ನೀವೇ ಒಮ್ಮೆಗೇ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ನಿದ್ದೆಗೆಡುವುದು, ಚಡಪಡಿಕೆ, ಬೆವರು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು, ಆದ್ದರಿಂದ ಕನಿಷ್ಠ ಒಂದು ವಾರದಲ್ಲಿ ಮೆಲ್ಲಗೆ ಇಳಿಸುತ್ತಾರೆ. ಅಲ್ಲಿಯವರೆಗೆ ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಲು ಬಿಡಬೇಡಿ. ಈ ವಯಸ್ಸಿನಲ್ಲಿ, ಈ ತೂಕದಲ್ಲಿ, ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು.

ಮೆಟ್‌ಫಾರ್ಮಿನ್ ಬಗ್ಗೆ ಈಗಲೇ ಗಾಬರಿ ಬೇಡ. ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಅದನ್ನು ನಿಲ್ಲಿಸಲೇಬೇಕು, 45ಕ್ಕಿಂತ ಕೆಳಗಿದ್ದರೆ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ಅಮ್ಮ ತೆಗೆದುಕೊಳ್ಳುತ್ತಿರುವುದು ಸರಿಯಾಗಿ 1000, ಯಾವ ಅಂಕಿ ಹಿಡಿದರೂ ಮಿತಿಯೊಳಗೇ ಇದೆ. ಆದರೆ ಹಸಿವು ಕಡಿಮೆ ಮಾಡುವ, ತೂಕ ಇಳಿಸುವ ಗುಣ ಆ ಮಾತ್ರೆಗಿದೆ. 38 ಕೆ.ಜಿ.ಯ ಹೆಂಗಸಿಗೆ ಅದೇ ಬೇಕೇ ಎಂಬ ಪ್ರಶ್ನೆಯನ್ನು ಡಾಕ್ಟರ ಮುಂದಿಡಿ. ನನ್ನನ್ನು ಕೇಳಿದರೆ ಬೇಡ ಎನ್ನುವ ಕಡೆಗೇ ವಾಲುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವಾಗಿ ತಂದುಕೊಡಬೇಡಿ. ಮುಂದೆಂದಾದರೂ ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ 0.8 ಎಂದಷ್ಟೇ ಹೇಳದೆ ಸಿಸ್ಟಾಟಿನ್ ರಿಪೋರ್ಟನ್ನೂ ತೋರಿಸಿ.

ರಿಪೋರ್ಟ್ ಓದುವಾಗ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಕ್ರಿಯಾಟಿನಿನ್ ಅನ್ನು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಬರೆಯುತ್ತಾರೆ, ಸಿಸ್ಟಾಟಿನ್ ಸಿ ಅನ್ನು ಸಾಮಾನ್ಯವಾಗಿ ಲೀಟರಿಗೆ ಮಿಲಿಗ್ರಾಂನಲ್ಲಿ. ಕೆಲವು ಲ್ಯಾಬು ಇದನ್ನೂ ಡೆಸಿಲೀಟರಿಗೆ ಕೊಟ್ಟಾಗ ಅದೇ 1.45 ಎಂಬುದು 0.145 ಎಂದು ಕಾಣುತ್ತದೆ. ಅದನ್ನು ಹಾಗೇ ಕ್ಯಾಲ್ಕುಲೇಟರಿಗೆ ಹಾಕಿದರೆ ಅಸಾಧ್ಯವಾದ ಉತ್ತರ ಬರುತ್ತದೆ. ಮತ್ತೊಮ್ಮೆ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಖಾಲಿ ಹೊಟ್ಟೆ ಬೇಕಾಗಿಲ್ಲ. ಆದರೆ ಮಾಂಸ ತಿನ್ನುವವರಾದರೆ ಹಿಂದಿನ ರಾತ್ರಿ ಬಿಡಬೇಕು, ಬೆಂದ ಮಾಂಸದಲ್ಲಿರುವ ಕ್ರಿಯಾಟಿನಿನ್ ನೇರವಾಗಿ ರಕ್ತಕ್ಕೆ ಬರುತ್ತದೆ.

ಇದಲ್ಲದೆ 24 ಗಂಟೆ ಮೂತ್ರ ಹಿಡಿದು ಲೆಕ್ಕ ಹಾಕುವ ಹಳೆಯ ವಿಧಾನವೂ ಇದೆ. ಎಷ್ಟು ಕ್ರಿಯಾಟಿನಿನ್ ತಯಾರಾಗುತ್ತಿದೆ ಎಂಬುದನ್ನು ಊಹಿಸದೆ ಅಳೆದೇ ಬಿಡುವುದರಿಂದ ಸ್ನಾಯುವಿನ ತಕರಾರು ಅಲ್ಲಿ ಬರುವುದಿಲ್ಲ. ಬೆಳಿಗ್ಗೆ ಎದ್ದ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಬೆಳಿಗ್ಗೆಯ ಮೊದಲ ಮೂತ್ರದವರೆಗೆ ಒಂದು ಹನಿಯೂ ಬಿಡದೆ ಕ್ಯಾನಿಗೆ ಹಾಕಬೇಕು. ಮಂಪರಿನಲ್ಲಿರುವ ಹಿರಿಯರಲ್ಲಿ ಎರಡು ಸಲ ತಪ್ಪಿಹೋದರೂ ಕಿಡ್ನಿ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಡಿಟಿಪಿಎ ಎಂಬ ವಿಕಿರಣಶೀಲ ಔಷಧಿ ಚುಚ್ಚಿ ಸೋಸುವಿಕೆಯನ್ನು ನೇರವಾಗಿ ಅಳೆಯುತ್ತಾರೆ. ಕಿಡ್ನಿ ದಾನ ಮಾಡುವವರಿಗೆ, ಕೆಲವು ಕೀಮೋ ಔಷಧಿಗಳಿಗೆ ಅದು ಬೇಕು. ಅಮ್ಮನಿಗೆ ಸದ್ಯಕ್ಕೆ ಎರಡೂ ಬೇಡ, 57ರಿಂದ ಆಗಬೇಕಾದ ತೀರ್ಮಾನಗಳು ಆಗುತ್ತವೆ.

ಅಕ್ಕನ ಮಗನದು ಇದೇ ಲೆಕ್ಕ, ತಲೆಕೆಳಗು. 85 ಕೆ.ಜಿ. ಗಟ್ಟಿಮುಟ್ಟು ಹುಡುಗ ದಿನಕ್ಕೆ 2000 ಮಿಲಿಗ್ರಾಂನಷ್ಟು ಕ್ರಿಯಾಟಿನಿನ್ ತಯಾರಿಸಬಹುದು. ಅವನ ಕಿಡ್ನಿ ನಿಮಿಷಕ್ಕೆ 99 ಮಿಲಿಲೀಟರ್ ಸೋಸುತ್ತಿದ್ದರೂ ರಕ್ತದಲ್ಲಿ 1.4 ಉಳಿಯುತ್ತದೆ. ಜೊತೆಗೆ ಕ್ರಿಯಾಟಿನ್ ಪುಡಿಯ ಒಂದು ಪಾಲು ದೇಹದಲ್ಲಿ ಕ್ರಿಯಾಟಿನಿನ್ನೇ ಆಗುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಪುಡಿ ಕಿಡ್ನಿಯನ್ನು ಹಾಳು ಮಾಡುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ, ಅದು ಹಾಳು ಮಾಡುವುದು ರಿಪೋರ್ಟನ್ನು. ಹೆಚ್ಚು ನೀರು ಕುಡಿಸಿ ಅಂಕಿ ಇಳಿಸುವ ಪ್ರಯತ್ನವೂ ಅವನಿಗೆ ಉಪಯೋಗಕ್ಕಿಲ್ಲ.

ಅವನು ಪುಡಿಯನ್ನು ಮೂರು ನಾಲ್ಕು ವಾರ ನಿಲ್ಲಿಸಿ, ಹಿಂದಿನ ಎರಡು ದಿನ ಭಾರ ಎತ್ತದೆ ಕ್ರಿಯಾಟಿನಿನ್ ಮತ್ತೆ ಮಾಡಿಸಬಹುದು, ಖರ್ಚು ಕಡಿಮೆ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಸಿಸ್ಟಾಟಿನ್ ಸಿ ಒಂದೇ ಸಲಕ್ಕೆ ಉತ್ತರ ಕೊಡುತ್ತದೆ. ಉದಾಹರಣೆಗೆ 0.82 ಬಂದರೆ ಅದರ ಇಜಿಎಫ್‌ಆರ್ 116, ಚಿಂತೆ ಬಿಡಬಹುದು. 1.2ರ ಆಚೆ ಬಂದರೆ ಸ್ನಾಯುವಿನ ನೆಪ ಹೇಳುವಂತಿಲ್ಲ, ಕಿಡ್ನಿ ತಜ್ಞರನ್ನು ನೋಡಬೇಕು. ಜಿಮ್ಮಿನಲ್ಲಿ ಸ್ನಾಯು ಬೆಳೆಸುವ ಇಂಜೆಕ್ಷನ್ ಏನಾದರೂ ತೆಗೆದುಕೊಂಡಿದ್ದರೆ ಮನೆಯವರ ಮುಂದೆ ಅಲ್ಲದಿದ್ದರೂ ಡಾಕ್ಟರ ಮುಂದೆ ಬಾಯಿಬಿಡಲಿ. ಅವುಗಳಿಂದ ಕಿಡ್ನಿಯ ಜರಡಿಗೇ ಹಾನಿಯಾದದ್ದು ದಾಖಲಾಗಿದೆ.

ಕಿಡ್ನಿಯ ಜರಡಿಯಿಂದ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ತಿಳಿಯಲು ಇಬ್ಬರಿಗೂ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ, ಬೆಳಗಿನ ಮೊದಲ ಮೂತ್ರದಲ್ಲಿ. ಸಕ್ಕರೆ ಕಾಯಿಲೆಯ ಅಮ್ಮನಿಗಂತೂ ಇದು ವರ್ಷಕ್ಕೊಮ್ಮೆ ಆಗಲೇಬೇಕು. 30 ದಾಟಿದರೆ ಹೆಚ್ಚು. ಇಲ್ಲೂ ಸ್ನಾಯು ತನ್ನ ಆಟ ಆಡುತ್ತದೆ: ಅನುಪಾತದ ಕೆಳಗಿರುವುದು ಕ್ರಿಯಾಟಿನಿನ್ ಆದ್ದರಿಂದ ಅಮ್ಮನ ಮೂತ್ರದಲ್ಲಿ ಅದು ಕಡಿಮೆ ಇದ್ದು ಅನುಪಾತ ನಿಜಕ್ಕಿಂತ ಹೆಚ್ಚಾಗಿ ತೋರುತ್ತದೆ, ಹುಡುಗನದರಲ್ಲಿ ಹೆಚ್ಚಿದ್ದು ನಿಜಕ್ಕಿಂತ ಕಡಿಮೆ ತೋರುತ್ತದೆ. ಅಮ್ಮನದು 35, 40ರ ಆಸುಪಾಸು ಬಂದರೆ ಮತ್ತೊಮ್ಮೆ ಮಾಡಿಸಿದ ಮೇಲೆ ತೀರ್ಮಾನಿಸಿ. ಹುಡುಗನದು 25 ಬಂದರೆ ‘30ರೊಳಗಿದೆ’ ಎಂದು ಮಡಚಿಡದೆ ಆರು ತಿಂಗಳಿಗೆ ಪುನಃ ನೋಡಿ.